ಲಗತ್ತಿಸಿದ ರೆಸ್ಯುಮೆ ನೋಡಿ

"ಏನಯ್ಯಾ ಇದು, ಅರ್ಜಿನೋ, ಸೋಪಿನ ಜಾಹೀರಾತೋ?"

ಕಿಟಕಿಯ ಆಚೆ ಕೂತಿದ್ದ ಗುಮಾಸ್ತ ಹಾಳೆಗಳನ್ನು ತುದಿಬೆರಳಲ್ಲಿ ಹಿಡಿದು, ಸತ್ತ ಇಲಿಯನ್ನು ಬಾಲ ಹಿಡಿದು ಎತ್ತುವ ಹಾಗೆ ಎತ್ತಿದ. ಸಾಲಿನಲ್ಲಿದ್ದವರಿಗೆಲ್ಲ ಕಾಣಬೇಕಲ್ಲ, ಅದಕ್ಕೆ ಕೈಯನ್ನು ಒಂದು ಸುತ್ತು ತಿರುಗಿಸಿದ. ಮೇಲಿನ ಹಾಳೆಗೆ ನೀಲಿ ಅಂಚು, ಮೂಲೆಯಲ್ಲಿ ಟೈ ಕಟ್ಟಿಕೊಂಡು ಓರೆಯಾಗಿ ನಗುತ್ತಿದ್ದ ಮುಖ. ಆ ಮುಖದ ಮಾಲೀಕ ಕಿಟಕಿಯ ಈಚೆ ನಿಂತಿದ್ದ. ನಗುತ್ತಿರಲಿಲ್ಲ.

"ಕೇಳ್ರಪ್ಪಾ ಎಲ್ಲಾರೂ," ಎಂದ ಗುಮಾಸ್ತ, ಕನ್ನಡಕ ಹಣೆಗೇರಿಸಿ. "ಹೆಸರು: ಲಗತ್ತಿಸಿದ ರೆಸ್ಯುಮೆ ನೋಡಿ. ಹುಟ್ಟಿದ ತಾರೀಖು: ಲಗತ್ತಿಸಿದ ರೆಸ್ಯುಮೆ ನೋಡಿ. ತಂದೆಯ ಹೆಸರು: ಲಗತ್ತಿಸಿದ ರೆಸ್ಯುಮೆ ನೋಡಿ! ಸರಿ, ನೋಡೋಣ ಅಂತ ರೆಸ್ಯುಮೆ ನೋಡಿದೆ. ಅಲ್ಲಿ ಇವನ ಕನಸಿದೆ, ಗುರಿ ಇದೆ, ಹವ್ಯಾಸ ಇದೆ, ಅಪ್ಪ ಮಾತ್ರ ಇಲ್ಲ. ಏನಯ್ಯಾ, ಅಪ್ಪ ಇಲ್ದೇನೇ ಹುಟ್ಟಿದೀಯಾ?"

ಸಾಲು ನಕ್ಕಿತು. ಸಾಲಿಗೇನು, ಬೆಳಿಗ್ಗೆಯಿಂದ ನಿಂತು ನಿಂತು ಕಾಲು ಸೋತಿತ್ತು. ಇನ್ನೊಬ್ಬನ ಮಾನ ಹೋಗುವಾಗ ಕಾಲುನೋವು ಕೊಂಚ ಮರೆಯುತ್ತದೆ. ಹಿಂದೆ ನಿಂತಿದ್ದ ಒಬ್ಬ ಬೋಳುತಲೆಯವನು ನಗುತ್ತಲೇ ತನ್ನ ಅರ್ಜಿ ತೆಗೆದು ಅಪ್ಪನ ಹೆಸರು ಬರೆದಿದ್ದೀನೋ ಇಲ್ಲವೋ ಎಂದು ನೋಡಿಕೊಂಡ.

ಕಿಟಕಿಯ ಈಚೆ ನಿಂತವನನ್ನು ಎಲ್ಲರೂ ರಾಟೆ ಅನ್ನುತ್ತಿದ್ದರು. ಕೆಲಸ ಕಲಿಸಿದ ಮೇಸ್ತ್ರಿ ಇಟ್ಟ ಹೆಸರು. ಕೂರಿಸಿದ ಕಡೆ ಕೂರದೆ ತಿರುಗುತ್ತಲೇ ಇರುತ್ತಾನೆ ಅಂತ. ರಾಟೆಯ ಕಿವಿ ಕೆಂಪಗಾಯಿತು. ಕೈ ಕಿಟಕಿಯ ಕಂಬಿಯನ್ನು ಹಿಡಿದಿತ್ತು. ಆ ಕಂಬಿ ಅಲ್ಲಿ ಯಾಕಿದೆ ಅನ್ನುವುದು ಅವನಿಗೆ ಆಗಲೇ ಅರ್ಥವಾದದ್ದು.

"ರೆಸ್ಯುಮೆನಲ್ಲಿ ಎಲ್ಲಾ ವಿವರ ಇದೆ ಸಾರ್. ಅದನ್ನೇ ಮತ್ತೆ ಯಾಕೆ ಬರೀಬೇಕು ಅಂತ..."

"ಯಾಕೆ ಅಂದ್ರೆ ನಾವು ಕೇಳಿದೀವಿ. ನೀನು ಹೇಳ್ಬೇಕು ಅಂದ್ಕೊಂಡಿದ್ದು ನಮಗೆ ಬೇಡ. ನಾವು ಕೇಳಿದ್ದು ನೀನು ಹೇಳು. ಕೆಳಗಡೆ ಏನು ಬರೆದಿದೆ ಓದು. ಓದಕ್ಕೆ ಬರತ್ತೆ ತಾನೇ?"

ನಿಗದಿತ ನಮೂನೆಯಲ್ಲಿ ಇಲ್ಲದ ಅರ್ಜಿಗಳನ್ನು ಯಾವುದೇ ಸೂಚನೆ ನೀಡದೆ ತಿರಸ್ಕರಿಸಲಾಗುವುದು. ಅಷ್ಟು ದಪ್ಪ ಅಕ್ಷರದಲ್ಲಿ ಬರೆದದ್ದು ಅವನಿಗೆ ಮೊದಲೇ ಕಂಡಿತ್ತು. ಅದು ಬೇರೆ ಯಾರಿಗೋ ಬರೆದದ್ದು ಅಂದುಕೊಂಡಿದ್ದ.

"ಇದನ್ನ ಒಳಗೆ ತಗೊಂಡ್ರೆ ನಾಳೆನೇ ಕಸದ ಬುಟ್ಟಿಗೆ. ತಗೊಳ್ದೇ ವಾಪಸ್ ಕೊಡ್ತಿದೀನಲ್ಲ, ಅದೇ ನಿನ್ನ ಪುಣ್ಯ. ಶುಕ್ರವಾರ ಸಂಜೆ ಕಡೇ ಟೈಮು. ಹೋಗು, ಮನುಷ್ಯರ ಥರ ಬರ್ಕೊಂಡು ಬಾ. ನೆಕ್ಸ್ಟ್!"

ಅದು ಸರ್ಕಾರಿ ಕಟ್ಟಡಗಳನ್ನು ನೋಡಿಕೊಳ್ಳುವ ಕಚೇರಿ. ಲಿಫ್ಟ್ ಮೆಕ್ಯಾನಿಕ್ ಹುದ್ದೆ, ಎರಡು ಖಾಲಿ. ಕಚೇರಿ ಇದ್ದದ್ದು ನಾಲ್ಕನೇ ಮಹಡಿಯಲ್ಲಿ. ಕಟ್ಟಡಕ್ಕೆ ಲಿಫ್ಟ್ ಇತ್ತು. ಲಿಫ್ಟಿನ ಬಾಗಿಲಿಗೆ ಅಡ್ಡವಾಗಿ ಒಂದು ಕಾಲು ಮುರಿದ ಕುರ್ಚಿ ಇಟ್ಟು, ಅದಕ್ಕೆ 'ಲಿಫ್ಟ್ ಕೆಟ್ಟಿದೆ' ಎಂಬ ರಟ್ಟು ಕಟ್ಟಿದ್ದರು. ರಟ್ಟಿನ ಮೇಲೆ ಕೂತ ಧೂಳಿನ ದಪ್ಪ ನೋಡಿದರೆ ಅದು ಕೆಟ್ಟು ಒಂದು ಯುಗವೇ ಆಗಿತ್ತು. ಲಿಫ್ಟ್ ರಿಪೇರಿ ಮಾಡುವವರನ್ನು ಹುಡುಕುತ್ತಿದ್ದ ಕಚೇರಿಗೆ, ಲಿಫ್ಟ್ ರಿಪೇರಿ ಮಾಡುವವರೆಲ್ಲ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬರುತ್ತಿದ್ದರು.

ರಾಟೆ ಮೆಟ್ಟಿಲಿಳಿದ. ಇನ್ನೆರಡು ತಿಂಗಳಿಗೆ ಅವನ ವಯಸ್ಸು ಆ ಹುದ್ದೆಯ ವಯೋಮಿತಿಯನ್ನು ದಾಟುತ್ತಿತ್ತು. ಇಂಥ ಹುದ್ದೆಗೆ ಅರ್ಜಿ ಕರೆಯುವುದು ಯಾವಾಗಲೋ ಒಮ್ಮೆ. ಈ ಸಲ ತಪ್ಪಿದರೆ ಮುಂದಿನ ಸಲ ಅವನು ಆ ಕಿಟಕಿಗೆ ತನ್ನ ಮಗನನ್ನು ಕಳಿಸಬೇಕು. ಅದಕ್ಕೆ ಮೊದಲು ಮದುವೆಯಾಗಬೇಕು. ಅದಕ್ಕೆ ಮೊದಲು ಕೆಲಸ ಸಿಗಬೇಕು.

*

ಆ ರೆಸ್ಯುಮೆ ಮಾಡಿಕೊಟ್ಟವನು ಅವನ ರಸ್ತೆಯ ಪ್ರಿಂಟ್ ಅಂಗಡಿಯವನು. ಮದುವೆ ಕಾರ್ಡು, ಅಂಗಡಿ ಬೋರ್ಡು, ತಿಥಿ ಕಾರ್ಡು, ರೆಸ್ಯುಮೆ ಎಲ್ಲ ಒಂದೇ ಕೈ. ಎಲ್ಲದಕ್ಕೂ ಒಂದೇ ಅಂಚು. ಅವನ ಸಿದ್ಧಾಂತ ಸರಳವಾಗಿತ್ತು: "ರೆಸ್ಯುಮೆ ಅಂದ್ರೆ ಹೆಣ್ಣು ನೋಡೋ ಶಾಸ್ತ್ರ ಇದ್ದಂಗೆ ಗುರು. ಇರೋದನ್ನ ತೋರಿಸ್ಬೇಕು, ಇಲ್ದೇ ಇರೋದನ್ನ ಇನ್ನೂ ಜಾಸ್ತಿ ತೋರಿಸ್ಬೇಕು."

ಆ ಸಿದ್ಧಾಂತದ ಪ್ರಕಾರ ರಾಟೆಯ ಮೊದಲ ಸಾಲು ಹೀಗಿತ್ತು: ಚೈತನ್ಯಶೀಲ ಸಂಸ್ಥೆಯೊಂದಿಗೆ ಬೆಳೆಯುವ ಹಂಬಲವುಳ್ಳ, ಫಲಿತಾಂಶ ಕೇಂದ್ರಿತ ವೃತ್ತಿಪರ. ಅದರ ಕೆಳಗೆ ಸಾಲಾಗಿ ನೀಲಿ ಪಟ್ಟಿಗಳು. ತಂಡದ ಮನೋಭಾವ, ಶೇಕಡಾ ತೊಂಬತ್ತು. ಒತ್ತಡ ನಿರ್ವಹಣೆ, ಶೇಕಡಾ ತೊಂಬತ್ತೈದು. ಉಳಿದ ಐದು ಎಲ್ಲಿ ಹೋಯಿತು ಎಂದು ಯಾವ ಕಂಪನಿಯವರೂ ಕೇಳಿರಲಿಲ್ಲ. ಹತ್ತು ವರ್ಷಕ್ಕೂ ಮಿಕ್ಕಿದ ಅನುಭವ ಎಂದು ಬರೆದು ಪಕ್ಕದಲ್ಲಿ ಒಂದು ನಕ್ಷತ್ರ ಹಾಕಿದ್ದ. ಇತ್ತೀಚಿನ ಕೆಲಸ ಮೊದಲು, ಹಳೆಯದು ಆಮೇಲೆ, ತಾರೀಖು ಎಲ್ಲೂ ಇಲ್ಲ, ಬರೀ ಇಸವಿ. ಇಸವಿ ಅನ್ನುವುದು ದೊಡ್ಡ ಚಾಪೆಯ ಹಾಗೆ. ಕೆಳಗೆ ಎಷ್ಟು ಕಸ ಬೇಕಾದರೂ ಗುಡಿಸಬಹುದು.

ಆ ರೆಸ್ಯುಮೆ ಹೊತ್ತು ರಾಟೆ ಈಗಿರುವ ಕಂಪನಿಯಲ್ಲಿ ಕೆಲಸ ಗಿಟ್ಟಿಸಿದ್ದ. ಅಲ್ಲಿ ಯಾರೂ ಅವನ ಅಪ್ಪನ ಹೆಸರು ಕೇಳಲಿಲ್ಲ. "ಐದು ವರ್ಷದ ನಂತರ ನಿಮ್ಮನ್ನ ನೀವು ಎಲ್ಲಿ ನೋಡ್ತೀರಾ?" ಎಂದು ಕೇಳಿದರು. ಲಿಫ್ಟಿನ ತಳದ ಗುಂಡಿಯಲ್ಲಿ, ಗ್ರೀಸು ಮೆತ್ತಿಕೊಂಡು ಎಂದು ಅವನ ಬಾಯಿಗೆ ಬಂದಿತ್ತು. ಪ್ರಿಂಟ್ ಅಂಗಡಿಯವನು ಹೇಳಿಕೊಟ್ಟದ್ದನ್ನು ಹೇಳಿದ: "ನಾಯಕತ್ವದ ಸ್ಥಾನದಲ್ಲಿ."

*

"ಅಯ್ಯೋ ನಿನ್ನ ಬುದ್ಧಿಗಿಷ್ಟು," ಎಂದಳು ಅಕ್ಕ. "ಅವನು ಬೈದಿದ್ದು ಕಮ್ಮಿ ಆಯ್ತು."

ಅಕ್ಕ ಒಂದು ಶಾಲೆಯ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದಳು. ವರ್ಷಕ್ಕೆ ನಾಲ್ಕುನೂರು ಮಕ್ಕಳ ದಾಖಲಾತಿ ಅರ್ಜಿ ಅವಳ ಕೈಯಲ್ಲಿ ಹಾದುಹೋಗುತ್ತಿತ್ತು. ನಮೂನೆ ಅನ್ನುವ ಪದ ಕೇಳಿದರೆ ಬೇರೆಯವರಿಗೆ ತಲೆನೋವು ಬರುತ್ತದೆ, ಅವಳಿಗೆ ಹಸಿವು ಆಗುತ್ತಿತ್ತು. ಅಡುಗೆಮನೆಯ ಮೇಜನ್ನು ಒರೆಸಿ, ಒಣಗಿದ ಮೇಲೆ ಮತ್ತೊಮ್ಮೆ ಒರೆಸಿ, ಹೊಸ ನಮೂನೆಯನ್ನು ಹರಡಿದಳು.

"ಮೊದಲು ಪೆನ್ಸಿಲಲ್ಲಿ. ಆಮೇಲೆ ಕಪ್ಪು ಪೆನ್ನು. ಚಿತ್ತು ಆದ್ರೆ ಹಾಳೆ ಹೋಯ್ತು. ಹತ್ತನೇ ಕ್ಲಾಸ್ ಅಂಕಪಟ್ಟಿ ಕೊಡು."

"ನನ್ನ ಹೆಸರು ನನಗೆ ಗೊತ್ತಿಲ್ವಾ?"

"ನಿನಗೆ ಗೊತ್ತಿರೋ ಹೆಸರು ಯಾರಿಗೆ ಬೇಕೋ? ಅಂಕಪಟ್ಟಿಲಿ ಹೆಂಗಿದೆಯೋ ಹಂಗೇ ಬರೀಬೇಕು. ಹುಟ್ಟಿದ ದಿನಾನೂ ಅಷ್ಟೇ. ನೀನು ಹುಟ್ಟಿದ್ದು ಯಾವತ್ತು ಅಂತ ನಾನು ನೋಡಿದೀನಿ, ಆದ್ರೆ ನನ್ನ ಮಾತು ನಡಿಯಲ್ಲ."

ತಂದೆಯ ಹೆಸರಿನ ಕಾಲಮ್ಮಿಗೆ ಬಂದಾಗ ಅಕ್ಕ ಏನನ್ನೂ ಕೇಳದೆ ತಾನೇ ಬರೆದಳು. ಹೆಸರಿನ ಹಿಂದೆ 'ದಿವಂಗತ' ಸೇರಿಸಿದಳು. ರಾಟೆ ಗೋಡೆ ನೋಡುತ್ತಿದ್ದ. ಸಾಲು ನಕ್ಕದ್ದು ಇನ್ನೂ ಕಿವಿಯಲ್ಲಿತ್ತು.

"ಗುರುತಿನ ಚಿಹ್ನೆ," ಎಂದಳು ಅಕ್ಕ. "ಎಡಗೆನ್ನೆ ಮೇಲೆ ಮಚ್ಚೆ. ಎಲ್ಲಿ ಫೋಟೋ ಕೊಡು."

ಅವನು ಫೋಟೋ ಕೊಟ್ಟ. ಅಕ್ಕ ನೋಡಿದಳು. ಬೆಳಕಿಗೆ ಹಿಡಿದು ನೋಡಿದಳು. "ಎಲ್ಲೋ ಮಚ್ಚೆ?"

ಪ್ರಿಂಟ್ ಅಂಗಡಿಯವನು ಅಳಿಸಿಬಿಟ್ಟಿದ್ದ. ಮುಖ ಚೊಕ್ಕಟವಾಗಿ ಕಾಣಲಿ ಅಂತ, ಬಿಟ್ಟಿಯಾಗಿ. ಹುಟ್ಟಿದಾಗಿನಿಂದ ಜೊತೆಗಿದ್ದ ಮಚ್ಚೆ ಕಂಪನಿಯ ಸಂದರ್ಶನಕ್ಕೆ ಅಡ್ಡಿಯಾಗಿತ್ತಂತೆ. ಸರ್ಕಾರಕ್ಕೆ ಅದೊಂದೇ ಸಾಕ್ಷಿ.

"ಖಾಸಗಿಯವರು ನಿನ್ನ ಕನಸು ಕೇಳ್ತಾರೆ," ಎಂದಳು ಅಕ್ಕ, "ಸರ್ಕಾರದವರು ನಿನ್ನ ಮಚ್ಚೆ ಕೇಳ್ತಾರೆ. ನಾಳೆ ಹೋಗಿ ಬೇರೆ ಫೋಟೋ ತೆಗೆಸು. ನೆಟ್ಟಗೆ ನೋಡು, ಎರಡೂ ಕಿವಿ ಕಾಣ್ಬೇಕು. ನಗಬೇಡ."

"ನಗೋಕೆ ಏನಿದೆ?"

ಎರಡನೇ ಪುಟ ಶೈಕ್ಷಣಿಕ ಅರ್ಹತೆ. ಹತ್ತನೇ ತರಗತಿ, ಆಮೇಲೆ ಎಲೆಕ್ಟ್ರಿಷಿಯನ್ ತರಬೇತಿಯ ಎರಡು ವರ್ಷ. ಪಾಸಾದ ತಿಂಗಳು, ಪ್ರಮಾಣಪತ್ರದ ಸಂಖ್ಯೆ, ಒಟ್ಟು ಅಂಕ, ಪಡೆದ ಅಂಕ, ಶೇಕಡಾವಾರು. ನೀಲಿ ಪಟ್ಟಿಗಳಿಗೆ ಎಲ್ಲೂ ಜಾಗ ಇರಲಿಲ್ಲ. ತಂಡದ ಮನೋಭಾವದ ತೊಂಬತ್ತು ಪರ್ಸೆಂಟು ಮೇಜಿನ ಕೆಳಗೆ ಬಿತ್ತು. ಹತ್ತನೇ ತರಗತಿಯ ನಲವತ್ತೊಂಬತ್ತು ಪರ್ಸೆಂಟು ಮೇಜಿನ ಮೇಲೆ ಬಂದು ಕೂತಿತು.

ಮೂರನೇ ಪುಟ ಅನುಭವ. ಅಲ್ಲಿ ಶುರುವಾಯಿತು ನಿಜವಾದ ಸಂಕಟ.

"ಹಳೇದು ಮೊದಲು. ಯಾವ ತಾರೀಖಿಂದ ಯಾವ ತಾರೀಖಿನವರೆಗೆ. ಸಂಸ್ಥೆಯ ಹೆಸರು, ವಿಳಾಸ. ಹುದ್ದೆ. ಪೂರ್ಣಾವಧಿಯಾ, ಅರೆಕಾಲಿಕಾನಾ. ಬಿಟ್ಟಿದ್ದಕ್ಕೆ ಕಾರಣ."

"ಮೇಸ್ತ್ರಿ ಹತ್ರ ಎಂಟು ವರ್ಷ."

"ಸರ್ಟಿಫಿಕೇಟ್?"

"ಮೇಸ್ತ್ರಿ ಹೆಬ್ಬೆಟ್ಟು ಅಕ್ಕಾ. ಅವರು ಹೋಗಿ ಆರು ವರ್ಷ ಆಯ್ತು."

ಅಕ್ಕ ಸೂಚನೆಗಳ ಹಾಳೆ ತೆಗೆದು ಬೆರಳಿಟ್ಟು ಓದಿದಳು. ಅನುಭವವನ್ನು ನಿಗದಿತ ವಿದ್ಯಾರ್ಹತೆ ಪಡೆದ ದಿನಾಂಕದಿಂದ ಮಾತ್ರ ಲೆಕ್ಕ ಹಾಕಲಾಗುವುದು. ಅರೆಕಾಲಿಕ ಸೇವೆ, ಗೌರವ ಸೇವೆ ಹಾಗೂ ವೇತನರಹಿತ ಸೇವೆಯನ್ನು ಅನುಭವವೆಂದು ಪರಿಗಣಿಸಲಾಗುವುದಿಲ್ಲ.

"ತರಬೇತಿಗೆ ಮೊದಲು ಮಾಡಿದ್ದು ಲೆಕ್ಕಕ್ಕಿಲ್ಲ. ಮೇಸ್ತ್ರಿ ಸರ್ಟಿಫಿಕೇಟ್ ಕೊಟ್ಟಿದ್ರೂ ಅಷ್ಟೇ."

"ನಾನು ಹಗ್ಗಕ್ಕೆ ನೇತಾಡಿದ್ದು? ಎರಡು ಬೆರಳಿನ ಉಗುರು ಹೋಗಿದ್ದು? ಬಿಟ್ಟಿಯಾಗಿ ಎಷ್ಟು ಮನೆ ಲಿಫ್ಟ್..."

"ಬಿಟ್ಟಿ ಸೇವೆ ಪರಿಗಣಿಸಲ್ಲ ಅಂತ ಸ್ಪಷ್ಟವಾಗಿ ಬರೆದಿದೆ ಕಣೋ. ಸರ್ಕಾರಕ್ಕೂ ಗೊತ್ತು, ಬಿಟ್ಟಿ ಮಾಡೋನು ಪೆದ್ದ ಅಂತ."

ಹತ್ತು ವರ್ಷಕ್ಕೂ ಮಿಕ್ಕಿದ ಅನುಭವದ ಪಕ್ಕದಲ್ಲಿದ್ದ ನಕ್ಷತ್ರ ಅಲ್ಲಿಗೆ ಉದುರಿತು. ಉಳಿದದ್ದು ಈಗಿನ ಕಂಪನಿಯ ಮೂರು ವರ್ಷ ಐದು ತಿಂಗಳು. ಹುದ್ದೆಗೆ ಬೇಕಾದದ್ದು ಮೂರು ವರ್ಷ. ಬದುಕಿದೆಯಾ ಬಡಜೀವವೇ.

"ನಿಲ್ಲು," ಎಂದಳು ಅಕ್ಕ. ಪೆನ್ಸಿಲ್ ನಿಂತಿತು. "ತರಬೇತಿ ಮುಗಿದಿದ್ದಕ್ಕೂ ಕಂಪನಿ ಸೇರಿದ್ದಕ್ಕೂ ಮಧ್ಯೆ ಹದಿನಾಲ್ಕು ತಿಂಗಳಿದೆ."

ರೆಸ್ಯುಮೆಯಲ್ಲಿ ಆ ಹದಿನಾಲ್ಕು ತಿಂಗಳು ಇರಲಿಲ್ಲ. ಪ್ರಿಂಟ್ ಅಂಗಡಿಯವನು ಮೇಸ್ತ್ರಿಯ ವರ್ಷಗಳನ್ನು ರಬ್ಬರಿನ ಹಾಗೆ ಎಳೆದು ಮುಚ್ಚಿಬಿಟ್ಟಿದ್ದ. ಗ್ಯಾಪ್ ಇದ್ದರೆ ಕಂಪನಿಯವರು ಸೋಮಾರಿ ಅಂದುಕೊಳ್ಳುತ್ತಾರೆ ಎಂದಿದ್ದ.

"ಖಾಲಿ ಬಿಡು."

"ಖಾಲಿ ಬಿಟ್ರೆ ಜೈಲಲ್ಲಿದ್ದೆ ಅಂದ್ಕೊಳ್ತಾರೆ. ಇಲ್ಲೇ ಕೇಳಿದಾರೆ ನೋಡು, ಉದ್ಯೋಗವಿಲ್ಲದ ಅವಧಿ ಮತ್ತು ಕಾರಣ." ಅವಳು ಅವನ ಮುಖ ನೋಡಲಿಲ್ಲ. ಬರೆಯುತ್ತ ಹೇಳಿದಳು: "ತಂದೆಯವರ ಅನಾರೋಗ್ಯದ ನಿಮಿತ್ತ, ಆರೈಕೆಗಾಗಿ ಮನೆಯಲ್ಲಿ. ಸಾಕಾ?"

ಅಪ್ಪನಿಗೆ ಅರ್ಧ ಮೈ ಬಿದ್ದುಹೋಗಿತ್ತು. ಅಕ್ಕ ದುಡಿಯಲು ಹೋದರೆ ಅವನು ಮನೆಯಲ್ಲಿ. ಸ್ನಾನ, ಊಟ, ಮಗ್ಗುಲು ಬದಲಿಸುವುದು. ಕಾಲಮ್ಮು ಎರಡು ಬೆರಳಗಲ ಇತ್ತು. ಅಷ್ಟರಲ್ಲೇ ಹಿಡಿಸಿತು. ಈ ಮೂರು ವರ್ಷದಲ್ಲಿ ಆ ತಿಂಗಳುಗಳ ಬಗ್ಗೆ ಅವನನ್ನು ಕೇಳಿದ್ದು ಇದೊಂದು ಮುದ್ರಿಸಿದ ಹಾಳೆ, ಅದೂ ಅನುಮಾನದಿಂದ.

"ಸಾಕು," ಎಂದ.

ಅಕ್ಕ ಕೊನೆಯ ಹಾಳೆ ತೆಗೆದಳು. "ಇದು ಅನುಬಂಧ. ಅನುಭವ ಪ್ರಮಾಣಪತ್ರದ ನಮೂನೆ. ಇದನ್ನ ನಿಮ್ಮ ಕಂಪನಿಯವರು ಅವರ ಲೆಟರ್‌ಹೆಡ್ ಮೇಲೆ ತುಂಬಿ ಸಹಿ ಮಾಡಿ ಮೊಹರು ಹಾಕ್ಬೇಕು. ಕಂಪನಿಲಿ ನಿನ್ನ ಹುದ್ದೆ ಏನು?"

ರಾಟೆ ಹೇಳಿದ: "ವರ್ಟಿಕಲ್ ಮೊಬಿಲಿಟಿ ಎಕ್ಸಿಕ್ಯುಟಿವ್."

"ಅಂದ್ರೆ?"

"ಲಿಫ್ಟ್ ಮೆಕ್ಯಾನಿಕ್."

"ಹಂಗಂತ ಎಲ್ಲಾದ್ರೂ ಬರೆದಿದೆಯಾ?"

"ಎಲ್ಲೂ ಇಲ್ಲ."

ಅಕ್ಕ ಪೆನ್ಸಿಲನ್ನು ಮೇಜಿನ ಮೇಲಿಟ್ಟಳು. "ಹಂಗಾದ್ರೆ ನಿನಗೆ ಒಂದು ದಿನದ ಅನುಭವಾನೂ ಇಲ್ಲ."

*

ಕಂಪನಿಯಲ್ಲಿ ಮೆಕ್ಯಾನಿಕ್ ಅನ್ನುವ ಜಾತಿಯೇ ಇರಲಿಲ್ಲ. ಕಸ ಗುಡಿಸುವವನು ಎನ್ವಿರಾನ್‌ಮೆಂಟ್ ಅಸೋಸಿಯೇಟ್, ಬಾಗಿಲು ಕಾಯುವವನು ಫಸ್ಟ್ ಇಂಪ್ರೆಷನ್ ಆಫೀಸರ್. ಸಂಬಳ ಹೆಚ್ಚಿಸಲು ಮನಸ್ಸಿಲ್ಲದ ವರ್ಷ ಹೆಸರು ಹೆಚ್ಚಿಸುತ್ತಿದ್ದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವ ಗಾದೆಯನ್ನು ಅಲ್ಲಿ ಕಂಪನಿಯ ನಿಯಮಾವಳಿಗೆ ಸೇರಿಸಿದ್ದರು, ಜುಟ್ಟೂ ಇಲ್ಲದವರಿಗೆ ಟೈ ಕೊಟ್ಟಿದ್ದರು. ಲಿಫ್ಟಿನ ಗುಂಡಿಗೆ ಇಳಿಯುವಾಗ ಟೈ ಯಂತ್ರಕ್ಕೆ ಸಿಕ್ಕಿಕೊಳ್ಳಬಾರದೆಂದು ಅದನ್ನು ಬಿಚ್ಚಿ ಜೇಬಲ್ಲಿಟ್ಟುಕೊಳ್ಳಬೇಕು. ಮೇಲೆ ಬಂದು, ಕೈ ತೊಳೆದು, ಮತ್ತೆ ಕಟ್ಟಿಕೊಂಡು ಗ್ರಾಹಕರ ಸಹಿ ಪಡೆಯಬೇಕು.

ಇದನ್ನೆಲ್ಲ ನೋಡಿಕೊಳ್ಳುವವರು ಸಿಬ್ಬಂದಿ ವಿಭಾಗದ ಪೀಪಲ್ ಮೇಡಂ. ಅವರ ಗಾಜಿನ ಕೋಣೆಯಲ್ಲಿ 'ನಾವೆಲ್ಲ ಒಂದೇ ಕುಟುಂಬ' ಎಂಬ ಫಲಕವಿತ್ತು. ಬಾಗಿಲಿಗೆ ಒಳಗಿನಿಂದ ತೆರೆಯುವ ಬೀಗ.

"ಎಕ್ಸ್‌ಪೀರಿಯನ್ಸ್ ಲೆಟರ್ ತಾನೇ? ಕೊಡೋಣ," ಎಂದು ಮೇಡಂ ಎರಡು ಗುಂಡಿ ಒತ್ತಿದರು. ಹಾಳೆ ಹೊರಬಂತು. ಇವರು ನಮ್ಮ ಕುಟುಂಬದ ಉತ್ಸಾಹಿ ಸದಸ್ಯರು. ಸವಾಲುಗಳನ್ನು ನಗುಮೊಗದಿಂದ ಸ್ವೀಕರಿಸುತ್ತಾರೆ. ಇವರ ಭವಿಷ್ಯ ಉಜ್ವಲವಾಗಲಿ.

ರಾಟೆ ಓದಿದ. "ಇದರಲ್ಲಿ ನಾನು ಏನು ಕೆಲಸ ಮಾಡ್ತೀನಿ ಅಂತ ಇಲ್ವಲ್ಲ ಮೇಡಂ."

"ನಮ್ಮಲ್ಲಿ ಮನುಷ್ಯ ಮುಖ್ಯ, ಕೆಲಸ ಅಲ್ಲ."

"ಈ ನಮೂನೆಲೇ ಬೇಕು. ಹುದ್ದೆ ಕಾಲಮ್ಮಲ್ಲಿ ಲಿಫ್ಟ್ ಮೆಕ್ಯಾನಿಕ್ ಅಂತ."

ಮೇಡಂ ಅನುಬಂಧವನ್ನು ಮುಟ್ಟದೆ ಓದಿದರು. ಸರ್ಕಾರಿ ಮೊಹರಿನ ಚಿತ್ರ ಕಂಡು ಅವರ ದನಿ ತಣ್ಣಗಾಯಿತು. "ಓಹೋ, ಕುಟುಂಬ ಬಿಟ್ಟು ಹೋಗ್ತಿದೀರಾ."

"ಅರ್ಜಿ ಹಾಕ್ತಿದೀನಿ ಮೇಡಂ. ಹೋಗೋದು ಅವರು ಕರೆದ್ರೆ."

"ನೋಡಿ, ನಮ್ಮಲ್ಲಿ ಮೆಕ್ಯಾನಿಕ್ ಇಲ್ಲ. ಗ್ರಾಹಕರಿಗೆ ನಾವು ಹೇಳೋದೇ ಅದು, ನಾವು ಮೆಕ್ಯಾನಿಕ್ ಕಳಿಸಲ್ಲ, ಎಕ್ಸಿಕ್ಯುಟಿವ್ ಕಳಿಸ್ತೀವಿ ಅಂತ. ನಾನು ಕಾಗದದ ಮೇಲೆ ಬೇರೆ ಬರೆದು ಮೊಹರು ಹಾಕಕ್ಕಾಗಲ್ಲ. ಇದು ನೈತಿಕತೆಯ ಪ್ರಶ್ನೆ."

"ಹಂಗಾದ್ರೆ ನಾನು ಮಾಡೋದು ಏನು?"

"ಲಂಬ ಚಲನೆಯ ಅನುಭವವನ್ನ ಉನ್ನತೀಕರಿಸೋದು."

ರಾಟೆಯ ಹಲ್ಲು ಕಟಕಟ ಅಂದಿತು. ಅಳಿಯ ಅಲ್ಲ, ಮಗಳ ಗಂಡ. ಮೇಜು ಕುಟ್ಟಬೇಕು ಅನ್ನಿಸಿತು. ಆ ಮೇಜು ಗಾಜಿನದು, ಒಡೆದರೆ ಸಂಬಳದಲ್ಲಿ ಹಿಡಿಯುತ್ತಾರೆ. ಗುರುವಾರ ಮಧ್ಯಾಹ್ನ ಆಗಿತ್ತು. ಮಾರನೆಯ ದಿನ ಸಂಜೆ ಕಿಟಕಿ ಮುಚ್ಚುತ್ತಿತ್ತು. ಹಿಂದಿನ ರಾತ್ರಿ ಅಕ್ಕ ಅನುಬಂಧವನ್ನು ಮೂರು ಸಲ ಓದಿ, ಒಂದು ಕಾಲಮ್ಮಿನ ಮೇಲೆ ಬೆರಳು ಬಡಿದು ಹೇಳಿದ್ದು ನೆನಪಾಯಿತು: ಅವರು ಜಗ್ಗದೇ ಇದ್ರೆ ಇದನ್ನ ತೋರಿಸು.

"ಸರಿ ಮೇಡಂ," ಎಂದ. ದನಿ ಅವನಿಗೇ ಅಪರಿಚಿತವಾಗುವಷ್ಟು ಮೆತ್ತಗಿತ್ತು. "ಸುಳ್ಳು ಬರೀಬೇಡಿ. ವರ್ಟಿಕಲ್ ಮೊಬಿಲಿಟಿ ಎಕ್ಸಿಕ್ಯುಟಿವ್ ಅಂತಾನೇ ಬರೀರಿ. ಪಕ್ಕದ ಕಾಲಮ್ಮೂ ತುಂಬಿಬಿಡಿ."

"ಯಾವುದು?"

"ಮಾಸಿಕ ವೇತನ."

ಮೇಡಂ ನೋಡಿದರು. ಹುದ್ದೆಯ ಕಾಲಮ್ಮು, ಅದಕ್ಕೆ ಅಂಟಿಕೊಂಡ ಹಾಗೆ ವೇತನದ ಕಾಲಮ್ಮು. ನಡುವೆ ಕೂದಲೆಳೆಯಷ್ಟು ಗೆರೆ. ಕಂಪನಿಯ ಯಾವ ಕಾಗದದಲ್ಲೂ ಅವೆರಡು ಒಂದನ್ನೊಂದು ಭೇಟಿಯಾಗಿರಲಿಲ್ಲ. ಹೆಸರು ವಿಸಿಟಿಂಗ್ ಕಾರ್ಡಿನಲ್ಲಿ ಇರುತ್ತಿತ್ತು, ಸಂಬಳ ಬಾಯಿಮುಚ್ಚಿದ ಲಕೋಟೆಯಲ್ಲಿ.

"ವೇತನ ಗೋಪ್ಯ ವಿಷಯ," ಎಂದರು ಮೇಡಂ.

"ಕಾಲಮ್ಮು ಖಾಲಿ ಬಿಟ್ರೆ ತಿರಸ್ಕಾರ ಆಗತ್ತೆ. ಬರೀಲೇಬೇಕು. ಎಕ್ಸಿಕ್ಯುಟಿವ್, ಪಕ್ಕದಲ್ಲಿ ನನ್ನ ಸಂಬಳ, ಕೆಳಗೆ ನಿಮ್ಮ ಸಹಿ, ಕಂಪನಿ ಮೊಹರು. ಸರ್ಕಾರಿ ಕಚೇರಿಲಿ ಐದಾರು ಜನ ಓದ್ತಾರೆ. ಕಿಟಕಿಲಿ ಕೂತಿರೋನು ಓದಿದ್ರಂತೂ ಜೋರಾಗಿ ಓದ್ತಾನೆ ಮೇಡಂ, ಸಾಲಿಗೆಲ್ಲಾ ಕೇಳೋ ಹಂಗೆ. ಎಕ್ಸಿಕ್ಯುಟಿವ್‌ಗೆ ಇಷ್ಟೇನಾ ಅಂತ ಅವರು ನಕ್ರೆ ನನ್ನ ಮಾನ ಏನೂ ಹೋಗಲ್ಲ. ನಂದು ಸೋಮವಾರಾನೇ ಹೋಯ್ತು."

ಮೇಡಂ ಎದ್ದು ಮೂಲೆಗೆ ಹೋಗಿ ಮೇಲಿನವರಿಗೆ ಫೋನ್ ಮಾಡಿದರು. ಗಾಜಿನ ಕೋಣೆಯ ತೊಂದರೆ ಅಂದರೆ ಕೇಳದಿದ್ದರೂ ಕಾಣುತ್ತದೆ. ಕೋಣೆಯ ಒಳಗೇ ಕೂತವನಿಗೆ ಎರಡೂ. "ಹೌದು ಸಾರ್, ಪಕ್ಕಪಕ್ಕದಲ್ಲೇ... ಇಲ್ಲ ಸಾರ್, ಬೇರೆ ಪೇಜಲ್ಲಿ ಹಾಕಕ್ಕಾಗಲ್ಲವಂತೆ, ನಮೂನೆ ಅವರದ್ದು... ಮೆಕ್ಯಾನಿಕ್ ಅಂದ್ರೆ ಆ ಸಂಬಳ ಚೆನ್ನಾಗೇ ಕಾಣತ್ತೆ ಸಾರ್."

ನೈತಿಕತೆಯ ಪ್ರಶ್ನೆಗೆ ಹೀಗೆ ಉತ್ತರ ಸಿಕ್ಕಿತು. ಮೇಡಂ ಬರೆದರು: ಲಿಫ್ಟ್ ಮೆಕ್ಯಾನಿಕ್. ಅಕ್ಕ ಹೇಳಿಕೊಟ್ಟಿದ್ದಂತೆ ರಾಟೆ ಇನ್ನೊಂದು ಸಾಲು ಕೇಳಿ ಹಾಕಿಸಿದ: ನೇಮಕಾತಿ ಆದೇಶದಲ್ಲಿ ಇದೇ ಹುದ್ದೆಯನ್ನು ವರ್ಟಿಕಲ್ ಮೊಬಿಲಿಟಿ ಎಕ್ಸಿಕ್ಯುಟಿವ್ ಎಂದು ನಮೂದಿಸಲಾಗಿದೆ. ಇಲ್ಲದಿದ್ದರೆ ನಾಳೆ ದಾಖಲೆ ಪರಿಶೀಲನೆಯಲ್ಲಿ ಆದೇಶ ಒಂದು ಹೇಳುತ್ತೆ, ಪ್ರಮಾಣಪತ್ರ ಇನ್ನೊಂದು ಹೇಳುತ್ತೆ ಎಂದು ಕೊಕ್ಕೆ ಹಾಕುತ್ತಾರೆ. ಕೆಲಸದ ಸ್ವರೂಪ: ಲಿಫ್ಟುಗಳ ಅಳವಡಿಕೆ, ನಿರ್ವಹಣೆ, ದುರಸ್ತಿ. ಪೂರ್ಣಾವಧಿ. ಸೇರಿದ ತಾರೀಖು, ಈವರೆಗಿನ ತಾರೀಖು. ಸಹಿ. ಮೊಹರು ಎರಡು ಸಲ ಬಿತ್ತು, ಮೊದಲನೆಯದಕ್ಕೆ ಶಾಯಿ ಸಾಲಲಿಲ್ಲ.

ಮೂರು ವರ್ಷ ಐದು ತಿಂಗಳು ಎಕ್ಸಿಕ್ಯುಟಿವ್ ಆಗಿದ್ದವನು ಕುರ್ಚಿಯಿಂದ ಏಳುವಷ್ಟರಲ್ಲಿ ಹುಟ್ಟಿನಿಂದಲೇ ಮೆಕ್ಯಾನಿಕ್ ಆಗಿದ್ದ.

"ಒಂದು ನಿಮಿಷ," ಎಂದರು ಮೇಡಂ, ಕೈ ಚಾಚಿ. "ಟೈ. ಅದು ಎಕ್ಸಿಕ್ಯುಟಿವ್‌ಗಳಿಗೆ ಮಾತ್ರ."

ರಾಟೆ ಜೇಬಿನಿಂದ ಟೈ ತೆಗೆದು ಗಾಜಿನ ಮೇಜಿನ ಮೇಲಿಟ್ಟ. ಅದರ ತುದಿಯಲ್ಲಿ ಗ್ರೀಸಿತ್ತು. ಗಾಜಿಗೆ ಮೆತ್ತಿತು.

*

ಶುಕ್ರವಾರ ಮಧ್ಯಾಹ್ನ ಸಾಲು ಮೂರನೇ ಮಹಡಿಯವರೆಗೂ ಇಳಿದಿತ್ತು. ಕಡೆಯ ದಿನ ನೋಡಿ, ಎಲ್ಲರಿಗೂ ಅಂದೇ ನೆನಪಾಗಿತ್ತು. ರಾಟೆ ಒಂದೊಂದೇ ಮೆಟ್ಟಿಲು ಹತ್ತುತ್ತ ಕಾದ. ಪ್ರತಿ ಮಹಡಿಯಲ್ಲೂ ಲಿಫ್ಟಿನ ಬಾಗಿಲು. ನಾಲ್ಕನೆಯದರಲ್ಲಿ, ಆ ಮುರುಕು ಕುರ್ಚಿಯ ಹಿಂದೆ, ಬಾಗಿಲು ಬೆರಳಗಲ ಬಿರಿದಿತ್ತು. ಬೇಡ ಅಂದರೂ ಕಣ್ಣು ಅಲ್ಲಿಗೆ ಹೋಯಿತು. ಬಾಗಿಲು ಪೂರ್ತಿ ಮುಚ್ಚಿದೆ ಎಂದು ಯಂತ್ರಕ್ಕೆ ತಿಳಿಸುವ ಕೊಂಡಿ ಸವೆದು ಜೋತುಬಿದ್ದಿತ್ತು. ಬಾಗಿಲು ಮುಚ್ಚದೆ ಲಿಫ್ಟ್ ಏಳುವುದಿಲ್ಲ. ಉಳಿದದ್ದೆಲ್ಲ ಸರಿಯಿದ್ದರೆ ಇಡೀ ಕಟ್ಟಡ ಇಷ್ಟು ದಿನ ಏದುಸಿರು ಬಿಟ್ಟದ್ದು ಅದೊಂದಕ್ಕೆ.

ಅದೇ ಗುಮಾಸ್ತ. ಅರ್ಜಿ ತೆಗೆದುಕೊಂಡ. ಮುಖ ನೋಡಿದ, ಫೋಟೋ ನೋಡಿದ, ಮಚ್ಚೆ ನೋಡಿದ. ಫೋಟೋದ ಮೇಲೆ ಅರ್ಧ, ಹಾಳೆಯ ಮೇಲೆ ಅರ್ಧ ಬೀಳುವ ಹಾಗೆ ಮಾಡಿದ ಸಹಿ ನೋಡಿದ. ತಂದೆಯ ಹೆಸರಿನ ಹತ್ತಿರ ಅವನ ಬೆರಳು ಬಂತು. 'ದಿವಂಗತ' ಎಂಬಲ್ಲಿ ಒಂದು ಕ್ಷಣ ನಿಂತಿತು. ನಂತರ ಉದ್ಯೋಗವಿಲ್ಲದ ಅವಧಿಯ ಕಾಲಮ್ಮು. ಗುಮಾಸ್ತ ಗಂಟಲು ಸರಿಮಾಡಿಕೊಂಡ. ಸೋಮವಾರ ಅಷ್ಟು ದೊಡ್ಡದಾಗಿದ್ದ ದನಿ ಈಗ ಎಲ್ಲೋ ಕೆಮ್ಮಿನ ಹಿಂದೆ ಸೇರಿಕೊಂಡಿತ್ತು. ಕ್ಷಮಿಸು ಅನ್ನುವುದಕ್ಕೆ ಅವನ ನಮೂನೆಯಲ್ಲಿ ಕಾಲಮ್ಮಿರಲಿಲ್ಲ.

ಅನುಬಂಧಕ್ಕೆ ಬಂದಾಗ ದನಿ ವಾಪಸಾಯಿತು.

"ವರ್ಟಿಕಲ್... ಏನಯ್ಯಾ ಇದು? ಎಕ್ಸಿಕ್ಯುಟಿವ್ವಾ? ಈ ಸಂಬಳಕ್ಕಾ!" ಅವನು ಸಾಲಿನ ಕಡೆ ತಿರುಗಿದ. "ನೋಡ್ರಪ್ಪಾ, ಎಕ್ಸಿಕ್ಯುಟಿವ್ ಸಾಹೇಬ್ರು ಬಂದಿದಾರೆ."

ಸಾಲು ನಕ್ಕಿತು. ಈ ಸಲ ನಗು ರಾಟೆಯನ್ನು ದಾಟಿ ಗಾಜಿನ ಕೋಣೆಯ ಕಡೆಗೆ ಹೋಯಿತು. ಅವನೂ ಅರ್ಧ ನಕ್ಕ.

ಠಪ್. ಠಪ್. ಸ್ವೀಕೃತಿ ಚೀಟಿ ಹರಿದು ಕಿಟಕಿಯ ಕೆಳಗಿನಿಂದ ಬಂತು. ಸಂಖ್ಯೆ, ತಾರೀಖು, ಮೊಹರು. ರಾಟೆ ಅದನ್ನು ಎರಡಾಗಿ ಮಡಿಸಿ, ಟೈ ಇರುತ್ತಿದ್ದ ಜೇಬಿಗೆ ಹಾಕಿದ.

"ಮುಂದೆ ಏನು ಸಾರ್?"

"ಪರಿಶೀಲನೆ ಆಗತ್ತೆ. ಪಟ್ಟಿ ಬರತ್ತೆ. ಪರೀಕ್ಷೆ ಆಗತ್ತೆ. ಒಂದು ವರ್ಷ, ಒಂದೂವರೆ... ಯಾರಾದ್ರೂ ಕೋರ್ಟಿಗೆ ಹೋದ್ರೆ ಇನ್ನೂ ಮೇಲೆ. ಅರ್ಜಿ ಹಾಕಿದೀಯಲ್ಲ, ಇನ್ನು ವಯಸ್ಸಾದ್ರೂ ತೊಂದ್ರೆ ಇಲ್ಲ." ಗುಮಾಸ್ತ ಕಂಬಿಯ ಹತ್ತಿರ ಬಾಗಿದ. ದನಿಯನ್ನು ಇಳಿಸಿದ; ಇದ್ದಕ್ಕಿದ್ದಂತೆ ಅದರಲ್ಲಿ ಬೆಣ್ಣೆ. "ಅಲ್ಲಾ ತಮ್ಮಾ, ನೀನು ಹೆಂಗೂ ಲಿಫ್ಟ್ ಕೆಲಸದೋನು. ನಮ್ಮ ಲಿಫ್ಟ್ ಕೆಟ್ಟು ಕೂತಿದೆ. ರಿಪೇರಿಗೆ ಮೆಕ್ಯಾನಿಕ್ ಬೇಕು, ಮೆಕ್ಯಾನಿಕ್ ಬರೋಕೆ ಈ ಪಟ್ಟಿ ಆಗ್ಬೇಕು. ದಿನಾ ಹತ್ತಿ ಹತ್ತಿ ನನ್ನ ಮಂಡಿ ಹೋಗಿದೆ. ದೊಡ್ಡ ಸಾಹೇಬ್ರಿಗೂ ಅಷ್ಟೇ. ಈಗ ಒಂದು ಕಣ್ಣು ಹಾಯಿಸಿ ಹೋಗ್ತೀಯಾ? ಕಾಸಿನ ಮಾತಿಲ್ಲ, ಸುಮ್ನೆ ಒಂದು ಸೇವೆ ಅಂತ. ನಾನು ಸಾಹೇಬ್ರ ಕಿವಿಗೆ ಹಾಕ್ತೀನಿ ನಿನ್ನ ಹೆಸರು. ಏನಂತೀಯಾ?"

ಸೋಮವಾರ ಅಪ್ಪನಿಲ್ಲದವನು, ಶುಕ್ರವಾರ ತಮ್ಮ.

ರಾಟೆ ಬಿರಿದ ಬಾಗಿಲಿನ ಕಡೆ ತಿರುಗಿದ. ಸ್ಕ್ರೂಡ್ರೈವರ್ ಹಿಂದಿನ ಜೇಬಿನಲ್ಲೇ ಇತ್ತು. ಆ ಕೊಂಡಿ ಕೂರಿಸುವುದು ಕಷ್ಟದ ಕೆಲಸವಾಗಿರಲಿಲ್ಲ. ಸಾಹೇಬರ ಕಿವಿ ಅನ್ನುವುದು ಸಣ್ಣ ವಿಷಯವೂ ಅಲ್ಲ. ಹತ್ತಿರದ ಕಂಬಕ್ಕೆ ಸೂಚನೆಗಳ ಹಾಳೆ ಅಂಟಿಸಿದ್ದರು, ಅಕ್ಕ ಬೆರಳಿಟ್ಟು ಓದಿದ ಅದೇ ಹಾಳೆ, ಅದೇ ಸಾಲು. ಗೌರವ ಸೇವೆ ಹಾಗೂ ವೇತನರಹಿತ ಸೇವೆಯನ್ನು ಅನುಭವವೆಂದು ಪರಿಗಣಿಸಲಾಗುವುದಿಲ್ಲ.

"ಏನಯ್ಯಾ, ನಿನ್ನೇ ಕೇಳ್ತಿರೋದು!" ಎಂದ ಗುಮಾಸ್ತ.

ರಾಟೆ ಜೇಬಿನ ಚೀಟಿಯನ್ನು ಮೇಲಿನಿಂದ ಒಮ್ಮೆ ತಟ್ಟಿ ನೋಡಿಕೊಂಡ, ಸಾಲಿನಿಂದ ಪಕ್ಕಕ್ಕೆ ಸರಿದ, ಕುರ್ಚಿ ಅಡ್ಡವಿಟ್ಟ ಬಾಗಿಲನ್ನು ದಾಟಿ ಮೆಟ್ಟಿಲಿಳಿಯುತ್ತ ಹೋದ.